ಒಂದೇ ಸಿಲಿಂಡರ್ ಇರುವವರು ಮುಂದಿನದನ್ನು ಯಾವ ದಿನ ಬುಕ್ ಮಾಡುತ್ತೀರಿ?

ಹಾಸನದ ಸೊಸೆ (ಅಕ್ಟೋಬರ್ 24)

ನಮ್ಮದು ಒಂದೇ ಸಿಲಿಂಡರ್, 14.2 ಕೆಜಿಯದು. ಮನೆಯಲ್ಲಿ ನಾನು, ಯಜಮಾನರು, ಅತ್ತೆ, ಆರು ವರ್ಷದ ಮಗ. 36 ದಿನ ಬರುತ್ತದೆ ಅಂತ ಅಂದಾಜು ಇಟ್ಟುಕೊಂಡು 30ನೇ ದಿನ ಬುಕ್ ಮಾಡುತ್ತಿದ್ದೆ. ಈ ಸಲ 28ನೇ ದಿನಕ್ಕೇ ಖಾಲಿ! ಅದೂ ನೀರು ತುಂಬುವ ಹಬ್ಬದ ದಿನ, ಭಾನುವಾರ. ಕಡುಬಿನ ಪಾತ್ರೆ ಒಲೆ ಮೇಲಿತ್ತು. ಆಮೇಲೆ ದೀಪಾವಳಿ ರಜೆಗಳು. ಸಿಲಿಂಡರ್ ಬಂದದ್ದು ಗುರುವಾರ, ಅಂದರೆ ನಿನ್ನೆ. ನಾಲ್ಕು ದಿನ ಪಕ್ಕದ ಮನೆಯವರ ಇಂಡಕ್ಷನ್ ಒಲೆ ತಂದು ಸಾಗಿಸಿದೆವು. ಅತ್ತೆ ಏನೂ ಅನ್ನಲಿಲ್ಲ, ಅದೇ ಕಷ್ಟ.

ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದು ನೋಡಿದೆ. ಹಚ್ಚಿದ ದಿನಗಳು: ಜುಲೈ 9, ಆಗಸ್ಟ್ 16, ಸೆಪ್ಟೆಂಬರ್ 21. ಖಾಲಿಯಾದದ್ದು ಅಕ್ಟೋಬರ್ 19. ಇದರಿಂದ ಮುಂದಿನದು ಎಷ್ಟು ದಿನ ಬರುತ್ತದೆ ಅಂತ ಸರಿಯಾಗಿ ಲೆಕ್ಕ ಹಾಕುವುದು ಹೇಗೆ? ಯಾವ ದಿನ ಬುಕ್ ಮಾಡಬೇಕು?

ಸುಮ್ನೆ ನೋಡೋಕೆ

ಖಾಲಿಯಾದ ದಿನ ಬುಕ್ ಮಾಡಿ, ಎರಡು ದಿನ ಹೋಟೆಲ್. ಮನೆಯವರೂ ಖುಷಿ.

ಲೆಕ್ಕದ ಮೇಷ್ಟ್ರು

ನೀವು ತಾರೀಕು ಬರೆದಿಟ್ಟಿದ್ದೀರಿ, ಅರ್ಧ ಕೆಲಸ ಆಯಿತು. ಮೂರು ಸಿಲಿಂಡರ್ ಕ್ರಮವಾಗಿ 38, 36, 28 ದಿನ ಬಂದಿವೆ. ಒಟ್ಟು 102 ದಿನಕ್ಕೆ 42.6 ಕೆಜಿ. ಭಾಗಿಸಿದರೆ ದಿನಕ್ಕೆ ಸುಮಾರು 418 ಗ್ರಾಂ. 14.2 ಕೆಜಿಯನ್ನು ಇದರಿಂದ ಭಾಗಿಸಿದರೆ 34 ದಿನ. ನಿಮ್ಮ ಊರಲ್ಲಿ ಬುಕ್ ಮಾಡಿದ ಮೇಲೆ ಬರಲು ಎಷ್ಟು ದಿನ ಬೇಕೋ ಅಷ್ಟನ್ನು 34ರಲ್ಲಿ ಕಳೆಯಿರಿ. ಒಂದು ವಾರ ಅಂದುಕೊಂಡರೆ 27ನೇ ದಿನ ಬುಕ್ ಮಾಡಬೇಕು. ಇಷ್ಟೇ.

ಕುಂದಾಪ್ರದ ಹುಡುಗ

ಮೇಷ್ಟ್ರೇ, ನೀವು ಹೇಳಿದ ಹಾಗೆ 27ನೇ ದಿನ ಬುಕ್ ಮಾಡಿದ್ದರೂ ಅವರ ಗ್ಯಾಸ್ 28ಕ್ಕೆ ಮುಗಿಯುತ್ತಿತ್ತು. ಮತ್ತೆ ಅದೇ ಕಥೆ ಅಲ್ವಾ?

ಲೆಕ್ಕದ ಮೇಷ್ಟ್ರು

ಆ ತಿಂಗಳು ನವರಾತ್ರಿ ಬಂತು. ಅದನ್ನು ಬಿಟ್ಟು ನೋಡಬೇಕು.

ಕುಂದಾಪ್ರದ ಹುಡುಗ

ಹಬ್ಬ ಬಿಟ್ಟು ನೋಡುವುದಾದರೆ ವರ್ಷದಲ್ಲಿ ಎಷ್ಟು ತಿಂಗಳು ಉಳಿಯುತ್ತವೆ? ಶ್ರಾವಣ ಬಿಡಿ, ಗೌರಿ ಗಣೇಶ ಬಿಡಿ, ದಸರಾ ಬಿಡಿ, ನೆಂಟರು ಬಂದ ವಾರ ಬಿಡಿ. ಗ್ಯಾಸ್ ಮುಗಿಯುವುದೇ ಅಂಥ ತಿಂಗಳಲ್ಲಿ. ಸರಾಸರಿ ನೋಡಿ ಬುಕ್ ಮಾಡಿದರೆ ಅರ್ಧ ಸಲ ಮೊದಲೇ ಖಾಲಿಯಾಗುತ್ತದೆ. ಅತಿ ಕಡಿಮೆ ದಿನ ಬಂದದ್ದು ಯಾವುದು, 28 ತಾನೆ? ಅದರಿಂದ ಒಂದು ವಾರ ಕಳೆದು 21ನೇ ದಿನ ಬುಕ್ ಮಾಡಿ, ನೆಮ್ಮದಿ.

ಹಾಸನದ ಸೊಸೆ

ಹೌದು, ನವರಾತ್ರಿಗೆ ನಾದಿನಿ ಇಬ್ಬರು ಮಕ್ಕಳ ಜೊತೆ ಹತ್ತು ದಿನ ಇದ್ದರು. ಆದರೆ 21ನೇ ದಿನ ಬುಕ್ ಮಾಡಿ 24ನೇ ದಿನವೇ ಸಿಲಿಂಡರ್ ಬಂದರೆ? ನನ್ನ ಹತ್ತಿರ ಕೊಡಲು ಖಾಲಿ ಸಿಲಿಂಡರ್ ಇರುವುದಿಲ್ಲವಲ್ಲ!

ಗೋಡೌನ್ ಬಸಣ್ಣ

ಈಗ ಪ್ರಶ್ನೆ ಸರಿಯಾಗಿ ಬಂತು ನೋಡ್ರಿ ತಂಗಿ. ನಾನು ಗ್ಯಾಸ್ ಏಜೆನ್ಸಿ ಗೋಡೌನಿನಲ್ಲಿ ಹನ್ನೊಂದು ವರ್ಷ ಇದ್ದವನು. ಒಂದೇ ಸಿಲಿಂಡರ್ ಇರುವವರಿಗೆ ಎರಡೂ ಕಡೆ ಪೆಟ್ಟು. ತಡ ಮಾಡಿದರೆ ಒಲೆ ಆರುತ್ತದೆ. ಬೇಗ ಮಾಡಿದರೆ ಗಾಡಿ ಬಾಗಿಲಿಗೆ ಬಂದಾಗ ಹಳೆಯದರಲ್ಲಿ ಎರಡು ಮೂರು ಕೆಜಿ ಇರುತ್ತದೆ. ಅದನ್ನು ಹಾಗೇ ಕೊಟ್ಟರೆ ದುಡ್ಡು ಕೊಟ್ಟ ಗ್ಯಾಸ್ ವಾಪಸ್ ಹೋದ ಹಾಗೆ. ಕೊಡದಿದ್ದರೆ ಹುಡುಗ ತುಂಬಿದ ಸಿಲಿಂಡರ್ ಇಳಿಸುವುದಿಲ್ಲ, ಲೆಕ್ಕಕ್ಕೆ ಖಾಲಿ ಬೇಕು ಅವನಿಗೆ.

ಅದಕ್ಕೇ ದಿನ ಎಣಿಸುವುದು ಬಿಡಿ, ತೂಕ ನೋಡಿ. ಸಿಲಿಂಡರ್ ಹಿಡಿಕೆ ಇರುತ್ತದಲ್ಲ, ಅದರ ಕೆಳಗೆ ಮೂರು ಪಟ್ಟಿ ಇಳಿದಿರುತ್ತವೆ. ಒಂದರ ಮೇಲೆ ಖಾಲಿ ತೂಕ ಬರೆದಿರುತ್ತದೆ. ಸಾಮಾನ್ಯವಾಗಿ 15ರಿಂದ 17 ಕೆಜಿ ಒಳಗೆ. ಪ್ರತಿ ಸಿಲಿಂಡರಿಗೂ ಬೇರೆ ಬೇರೆ. ಈಗಿನ ತೂಕದಲ್ಲಿ ಅದನ್ನು ಕಳೆದರೆ ಒಳಗೆ ಎಷ್ಟು ಗ್ಯಾಸ್ ಇದೆ ಅಂತ ಗೊತ್ತಾಗುತ್ತದೆ.

ತುಮಕೂರು ವಿಜಯಮ್ಮ

ತೂಕ ಗೀಕ ಯಾಕಪ್ಪ. ಒದ್ದೆ ಬಟ್ಟೆಯಲ್ಲಿ ಸಿಲಿಂಡರ್ ಪೂರ್ತಿ ಒರೆಸಿ ಎರಡು ನಿಮಿಷ ಬಿಟ್ಟು ನೋಡು. ಮೇಲಿನ ಭಾಗ ಬೇಗ ಒಣಗುತ್ತದೆ, ಗ್ಯಾಸ್ ಇರುವ ಕಡೆ ತೇವ ಹಾಗೇ ನಿಂತಿರುತ್ತದೆ. ಮೂವತ್ತು ವರ್ಷದಿಂದ ಹೀಗೇ ನೋಡುತ್ತಿದ್ದೇನೆ. ಮುಗಿದು ಹೋದರೂ ಚಿಂತೆ ಇಲ್ಲ, ಸಿಲಿಂಡರ್ ಮಲಗಿಸಿದರೆ ಇನ್ನೊಂದು ಹೊತ್ತಿನ ಅಡುಗೆ ಆಗುತ್ತದೆ.

ಗೋಡೌನ್ ಬಸಣ್ಣ

ಅಮ್ಮಾ, ಒದ್ದೆ ಬಟ್ಟೆಯ ವಿಷಯ ಸರಿ. ಒಳಗೆ ದ್ರವ ಇರುವ ಭಾಗ ತಣ್ಣಗಿರುತ್ತದೆ, ಬೇಗ ಕಾಯುವುದಿಲ್ಲ, ಅದಕ್ಕೆ ನೀರು ಆರುವುದು ನಿಧಾನ. ಆದರೆ ಅದರಿಂದ ಅರ್ಧ ಇದೆ, ಕಾಲು ಇದೆ ಅಂತ ಹೇಳಬಹುದು. ಆರು ದಿನ ಉಳಿದಿದೆಯೋ ಒಂಬತ್ತು ದಿನವೋ ಅಂತ ಹೇಳಲಾಗದು. ನಮಗೆ ಬೇಕಾದದ್ದು ಅದೇ.

ಮಲಗಿಸುವುದನ್ನು ಮಾತ್ರ ದಯವಿಟ್ಟು ಬಿಡ್ರಿ. ನಿಂತಾಗ ಮೇಲಿನ ಆವಿ ಮಾತ್ರ ರೆಗ್ಯುಲೇಟರಿಗೆ ಹೋಗುತ್ತದೆ. ಮಲಗಿಸಿದರೆ ದ್ರವವೇ ಪೈಪಿಗೆ ನುಗ್ಗಬಹುದು. ಅಷ್ಟೇ ದ್ರವ ಒಲೆಯಲ್ಲಿ ಎಷ್ಟೋ ಪಟ್ಟು ಆವಿಯಾಗಿ ಭಗ್ ಅಂತ ಉರಿ ಏಳುತ್ತದೆ. ಗೋಡೌನಿನಲ್ಲೂ ನಾವು ಮಲಗಿಸಿ ಇಡುತ್ತಿರಲಿಲ್ಲ.

ತುಮಕೂರು ವಿಜಯಮ್ಮ

ನನಗೇನೂ ಆಗಿಲ್ಲಪ್ಪ ಇಷ್ಟು ವರ್ಷ.

ಸುಮ್ನೆ ನೋಡೋಕೆ

ಆಗಿದ್ದರೆ ಇಲ್ಲಿ ಬರೆಯೋಕೆ ಇರ್ತಿರಲಿಲ್ಲ ಅಮ್ಮ 🙏

ಪುಣೆ ಕನ್ನಡಿಗ

ಪೈಪ್ ಗ್ಯಾಸ್ ಹಾಕಿಸಿಕೊಳ್ಳಿ, ಈ ತಲೆನೋವೇ ಇಲ್ಲ. ಎರಡು ತಿಂಗಳಿಗೊಮ್ಮೆ ಬಿಲ್ ಬರುತ್ತದೆ.

ಹಾಸನದ ಸೊಸೆ

ನಮ್ಮ ಬೀದಿಗೆ ನಲ್ಲಿ ನೀರೇ ದಿನ ಬಿಟ್ಟು ದಿನ ಬರುತ್ತದೆ ಸರ್.

ಕೋಲಾರದ ರವಿ

ನನಗೆ ಎರಡು ತಿಂಗಳಿಂದ ಸಬ್ಸಿಡಿ ಬಂದಿಲ್ಲ. ಯಾರಿಗಾದರೂ ಬಂದಿದೆಯಾ? ಯಾರನ್ನು ಕೇಳಬೇಕು?

ಕುಂದಾಪ್ರದ ಹುಡುಗ

ರವಿಯವರೇ, ಇಲ್ಲಿ ನಡೆಯುತ್ತಿರುವುದು ಬೇರೆ ಚರ್ಚೆ. ಆಧಾರ್ ಯಾವ ಬ್ಯಾಂಕ್ ಖಾತೆಗೆ ಜೋಡಣೆ ಆಗಿದೆ ಅಂತ ಮೊದಲು ನೋಡಿ, ದುಡ್ಡು ಹಳೇ ಖಾತೆಗೆ ಹೋಗಿರಬಹುದು. ಬಸಣ್ಣ, ನನ್ನದೊಂದು ಪ್ರಶ್ನೆ. ತೂಗುವ ಬದಲು ಒಲೆ ಉರಿದ ಗಂಟೆ ಎಣಿಸಿದರೆ ಆಗುವುದಿಲ್ಲವೇ? ದೊಡ್ಡ ಬರ್ನರ್ ಪೂರ್ತಿ ಉರಿದರೆ ಗಂಟೆಗೆ 150ರಿಂದ 200 ಗ್ರಾಂ ಹೋಗುತ್ತದೆ. ದಿನಕ್ಕೆ ಮೂರು ಗಂಟೆ ಅಂದರೂ 450ರ ಮೇಲೆ.

ಗೋಡೌನ್ ಬಸಣ್ಣ

ಪೂರ್ತಿ ಉರಿಗೆ ನಿಮ್ಮ ಲೆಕ್ಕ ತಪ್ಪಲ್ಲ. ಆದರೆ ಮನೆಯಲ್ಲಿ ಯಾರು ಮೂರು ಗಂಟೆ ಪೂರ್ತಿ ಉರಿಸುತ್ತಾರೆ? ಕುಕ್ಕರ್ ಕೂಗಿದ ಮೇಲೆ ಸಿಮ್. ಹಾಲಿಗೆ ಸಣ್ಣ ಬರ್ನರ್. ಚಪಾತಿಗೆ ಮಾತ್ರ ದೊಡ್ಡ ಉರಿ. ಸಿಮ್‌ನಲ್ಲಿ ಎಷ್ಟು ಹೋಗುತ್ತದೆ ಅಂತ ನೀವು ಊಹೆ ಮಾಡಬೇಕು, ಆ ಊಹೆಯೇ ಲೆಕ್ಕವನ್ನು ಕೆಡಿಸುತ್ತದೆ. ಎರಡು ತೂಕಗಳ ನಡುವಿನ ವ್ಯತ್ಯಾಸದಲ್ಲಿ ಊಹೆ ಇಲ್ಲ.

ಬಳ್ಳಾರಿ ಬಿಸಿಲು

ನಮ್ಮದು 17 ದಿನಕ್ಕೇ ಮುಗಿಯುತ್ತದೆ!! ನಾಲ್ಕೇ ಜನ. ಏಜೆನ್ಸಿಯವರು ಕಡಿಮೆ ತುಂಬಿ ಕೊಡುತ್ತಿದ್ದಾರೆ ಅಂತ ನನಗೆ ಖಾತ್ರಿ.

ಗೋಡೌನ್ ಬಸಣ್ಣ

ಸ್ನಾನಕ್ಕೆ ಗ್ಯಾಸ್ ಗೀಸರ್ ಇದೆಯೇನ್ರಿ?

ಬಳ್ಳಾರಿ ಬಿಸಿಲು

ಇದೆ. ಅದಕ್ಕೆ ಬೇರೆ ಸಿಲಿಂಡರ್ ಇಲ್ಲ, ಇದಕ್ಕೇ ಎರಡು ಪೈಪ್.

ಗೋಡೌನ್ ಬಸಣ್ಣ

ಹಾಗಾದರೆ ಕಳ್ಳ ಬಚ್ಚಲಲ್ಲೇ ಇದ್ದಾನೆ. ನಿಮಿಷಕ್ಕೆ ಐದಾರು ಲೀಟರ್ ಬಿಸಿ ನೀರು ಕೊಡುವ ಗೀಸರ್ ಓಡುವಾಗ ಗಂಟೆಗೆ ಮುಕ್ಕಾಲು ಕೆಜಿಗಿಂತ ಜಾಸ್ತಿ ಎಳೆಯುತ್ತದೆ. ಒಬ್ಬೊಬ್ಬರಿಗೆ ಏಳು ನಿಮಿಷ ಅಂದರೂ ನಾಲ್ವರಿಗೆ ಸುಮಾರು ಅರ್ಧ ಗಂಟೆ. ಅಲ್ಲಿಗೆ 400 ಗ್ರಾಂ ಹೋಯಿತು. ಅಡುಗೆಗೆ 430 ಅಂದುಕೊಳ್ಳಿ. ಒಟ್ಟು 830. ಈಗ 14.2ನ್ನು ಭಾಗಿಸಿ ನೋಡ್ರಿ.

ಬಳ್ಳಾರಿ ಬಿಸಿಲು

17 ಬಂತು 😐 ಆದರೂ ಒಮ್ಮೆ ತೂಗಿಸುತ್ತೇನೆ.

ಗೋಡೌನ್ ಬಸಣ್ಣ

ತೂಗಿಸಿ, ಅದು ನಿಮ್ಮ ಹಕ್ಕು. ತಂದುಕೊಡುವವರ ಹತ್ತಿರ ತಕ್ಕಡಿ ಇರಬೇಕು, ಕೇಳಿದರೆ ನಿಮ್ಮ ಮುಂದೆಯೇ ತೂಗಬೇಕು. ಖಾಲಿ ತೂಕ ಮತ್ತು 14.2 ಕೂಡಿಸಿದಷ್ಟು ಬರಬೇಕು. 150 ಗ್ರಾಂ ಹೆಚ್ಚು ಕಡಿಮೆಗೆ ಅವಕಾಶ ಇದೆ. ಅದಕ್ಕಿಂತ ಕಡಿಮೆ ಇದ್ದರೆ ತೆಗೆದುಕೊಳ್ಳಬೇಡಿ. ಇನ್ನೊಂದು, ಗೀಸರ್ ಇರುವ ಬಚ್ಚಲಿಗೆ ಗಾಳಿ ಆಡುವ ಕಿಟಕಿ ಇಲ್ಲದಿದ್ದರೆ ಗ್ಯಾಸಿನ ಲೆಕ್ಕಕ್ಕಿಂತ ಅದನ್ನು ಮೊದಲು ಸರಿ ಮಾಡಿಸಿ. ಮುಚ್ಚಿದ ಬಚ್ಚಲಲ್ಲಿ ಜೀವ ಹೋದದ್ದಿದೆ.

ಮಡಿಕೇರಿ ಚಳಿ

ಉರಿ ಸಣ್ಣದಾದರೆ ಅಥವಾ ಕೆಂಪಾದರೆ ಮುಗಿಯುತ್ತಾ ಬಂತು ಅಂತ ನಾವು ತಿಳಿಯುತ್ತೇವೆ. ಆದರೆ ಡಿಸೆಂಬರಿನಲ್ಲಿ ಬೆಳಗ್ಗೆ ಉರಿ ಸಣ್ಣದಾಗಿರುತ್ತದೆ, ಮಧ್ಯಾಹ್ನ ಮತ್ತೆ ಜೋರಾಗುತ್ತದೆ. ನಾನು ಹೆದರಿ ಬುಕ್ ಮಾಡಿದ ಮೇಲೆ ಹದಿನೈದು ದಿನ ಬಂದದ್ದುಂಟು.

ಗೋಡೌನ್ ಬಸಣ್ಣ

ಉರಿ ನೋಡಿ ದಿನ ಹೇಳಲು ಬರುವುದಿಲ್ಲ. ಒಳಗೆ ಸ್ವಲ್ಪ ದ್ರವ ಇದ್ದರೂ ಒತ್ತಡ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಅದಕ್ಕೇ ಕೊನೆಯ ತನಕ ಉರಿ ಚೆನ್ನಾಗಿಯೇ ಇದ್ದು ಆಮೇಲೆ ಥಟ್ಟನೆ ಇಳಿಯುತ್ತದೆ. ಇಳಿದಾಗ ನಿಮ್ಮ ಕೈಲಿ ಇರುವುದು ಒಂದು ಸಾರು ಕುದಿಸುವಷ್ಟು ಹೊತ್ತು. ಚಳಿಯಲ್ಲಿ ಒಳಗಿನ ಬ್ಯುಟೇನ್ ಸರಿಯಾಗಿ ಆವಿಯಾಗುವುದಿಲ್ಲ, ಅದಕ್ಕೆ ನಿಮ್ಮಲ್ಲಿ ಬೆಳಗ್ಗೆ ಮಂದ. ಕೆಂಪು ಹಳದಿ ಉರಿ ಬಂದರೆ ಬಹಳ ಸಲ ಬರ್ನರ್ ತೂತಿನಲ್ಲಿ ಹಾಲು ಉಕ್ಕಿದ್ದು ಕಟ್ಟಿಕೊಂಡಿರುತ್ತದೆ. ಪಿನ್ನು ಹಾಕಿ ಬಿಡಿಸಿ ನೋಡಿ.

ಹಾಸನದ ಸೊಸೆ (ನವೆಂಬರ್ 1)

ಬಸಣ್ಣ, ನೀವು ಹೇಳಿದ ಹಾಗೆ ಮಾಡಿದೆ. ಪಟ್ಟಿಯ ಮೇಲೆ ಮೊದಲು ಬಿ-28 ಅಂತ ನೋಡಿ 28 ಕೆಜಿ ಅಂದುಕೊಂಡಿದ್ದೆ! ಇನ್ನೊಂದು ಪಟ್ಟಿಯಲ್ಲಿ 15.9 ಇತ್ತು. ಊರಿಗೆ ಹೋಗುವಾಗ ಲಗೇಜ್ ತೂಗಲು ತಂದ ಕೊಕ್ಕೆ ಸ್ಕೇಲ್ ಮನೆಯಲ್ಲಿತ್ತು, 50 ಕೆಜಿ ತನಕ ತೂಗುತ್ತದೆ. ಅದನ್ನು ಹಿಡಿಕೆಗೆ ಸಿಕ್ಕಿಸಿ, ಯಜಮಾನರು ಒಂದು ಅಂಗುಲ ಎತ್ತಿದರು, ಅಷ್ಟೇ. ಇಲ್ಲಿ ಕೇಳುವ ಮುಂಚೆಯೇ, ಅಕ್ಟೋಬರ್ 23ಕ್ಕೆ ಹಚ್ಚುವ ಮೊದಲು, ಇದೇ ಸ್ಕೇಲಿನಲ್ಲಿ ಒಮ್ಮೆ ತೂಗಿ ನೋಡಿದ್ದೆ, 30.0 ಇತ್ತು. ಇವತ್ತು 26.6.

ಗೋಡೌನ್ ಬಸಣ್ಣ

ಬಿ-28 ಅಂದರೆ 2028ರ ಏಪ್ರಿಲ್‌ನಿಂದ ಜೂನ್ ಒಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಕಳಿಸಬೇಕು ಅಂತ ಅರ್ಥ. ಬಹಳ ಜನ ತಪ್ಪು ತಿಳಿಯುತ್ತಾರೆ.

ತೂಗುವಾಗ ರೆಗ್ಯುಲೇಟರ್ ತೆಗೆದಿದ್ದಿರಿ ತಾನೆ? ಒಮ್ಮೆ ಹಾಕಿಕೊಂಡು ಒಮ್ಮೆ ತೆಗೆದು ತೂಗಿದರೆ ಅದರ ಭಾರ ಲೆಕ್ಕಕ್ಕೆ ಸೇರುತ್ತದೆ, ಪೈಪ್ ಬೇರೆ ಎಳೆಯುತ್ತದೆ. ನಾಬ್ ಬಂದ್ ಮಾಡಿ, ತೆಗೆದು, ಸೇಫ್ಟಿ ಕ್ಯಾಪ್ ಹಾಕಿ ತೂಗಿ.

ಹಾಸನದ ಸೊಸೆ

ಎರಡು ಸಲವೂ ತೆಗೆದೇ ತೂಗಿದ್ದು.

ಲೆಕ್ಕದ ಮೇಷ್ಟ್ರು

ಸರಿ, ಇದನ್ನು ನಾನು ಮಾಡುತ್ತೇನೆ. ಒಂಬತ್ತು ದಿನಕ್ಕೆ 3.4 ಕೆಜಿ, ದಿನಕ್ಕೆ 378 ಗ್ರಾಂ. ಒಳಗೆ ಉಳಿದದ್ದು 26.6ರಲ್ಲಿ 15.9 ಕಳೆದು 10.7 ಕೆಜಿ. ಇನ್ನು 28 ದಿನ, ಅಂದರೆ ನವೆಂಬರ್ 29ರ ತನಕ. ಬರಲು ಏಳು ದಿನ ಬೇಕು ಅಂತ ಇಟ್ಟುಕೊಂಡರೆ ಆ ಏಳು ದಿನಕ್ಕೆ ಸುಮಾರು 2.7 ಕೆಜಿ ಇರಬೇಕು. ಹಾಗಾಗಿ ಸ್ಕೇಲ್ 18.6 ತೋರಿಸಿದ ದಿನ ಬುಕ್ ಮಾಡಿ. ಈಗಿನ ಖರ್ಚಿನಲ್ಲಿ ಅದು ನವೆಂಬರ್ 22.

ಗೋಡೌನ್ ಬಸಣ್ಣ

ಮೇಷ್ಟ್ರ ಲೆಕ್ಕಕ್ಕೆ ನನ್ನದೊಂದು ಸೇರಿಕೆ. ನಡುವೆ ಇನ್ನೊಮ್ಮೆ ತೂಗಿ, 15ನೇ ತಾರೀಕಿನ ಹೊತ್ತಿಗೆ. ಮೊದಲ ಒಂಬತ್ತು ದಿನದ ಚಾಳಿಯೇ ಕೊನೆಯ ತನಕ ಇರುತ್ತದೆ ಅಂತ ಇಲ್ಲ. ಒಂದು ಬುಕಿಂಗ್ ಆದ ಮೇಲೆ ಇನ್ನೊಂದಕ್ಕೆ ಇಷ್ಟು ದಿನ ಅಂತರ ಬೇಕು ಅನ್ನುವ ನಿಯಮವೂ ಆಗಾಗ ಬದಲಾಗುತ್ತಿರುತ್ತದೆ, ಏಜೆನ್ಸಿಯಲ್ಲಿ ಕೇಳಿಕೊಳ್ಳಿ.

ಕುಂದಾಪ್ರದ ಹುಡುಗ

ಇಷ್ಟೆಲ್ಲ ಯಾಕೆ? ಇನ್ನೊಂದು ಸಿಲಿಂಡರಿಗೆ ಡಿಪಾಸಿಟ್ ಕಟ್ಟಿ ಡಬಲ್ ಮಾಡಿಸಿಕೊಳ್ಳಿ. ಒಂದು ಖಾಲಿಯಾಗಿ ಎರಡನೆಯದನ್ನು ಹಚ್ಚಿದ ದಿನವೇ ಬುಕ್ ಮಾಡುವುದು. ಖಾಲಿ ರೆಡಿ ಇರುತ್ತದೆ, ಹತ್ತು ದಿನ ತಡವಾದರೂ ಚಿಂತೆ ಇಲ್ಲ. ನನ್ನ ಹೆಂಡತಿಗೆ ಸರಾಸರಿಯೂ ಗೊತ್ತಿಲ್ಲ, ಗ್ರಾಮೂ ಗೊತ್ತಿಲ್ಲ, ಒಮ್ಮೆಯೂ ಒಲೆ ಆರಿಲ್ಲ.

ತುಮಕೂರು ವಿಜಯಮ್ಮ

ನಮ್ಮ ಮನೆಯಲ್ಲಿ ಎರಡಿದೆ. ಹಚ್ಚಿದ ದಿನ ಬುಕ್ ಮಾಡುವುದು ಮರೆತು ಎರಡೂ ಖಾಲಿಯಾಗಿದ್ದಾವೆ, ಅದೂ ನೋಡಿದ್ದೇನೆ.

ಹಾಸನದ ಸೊಸೆ

ಬಾಡಿಗೆ ಮನೆ, ಅಡುಗೆಮನೆ ಒಂದು ಹೆಜ್ಜೆ ಅಗಲ. ಎರಡನೆಯದನ್ನು ಎಲ್ಲಿ ಇಡಲಿ ಅಂತ ನೋಡಬೇಕು.

ಮಡಿಕೇರಿ ಚಳಿ

5 ಕೆಜಿಯದೊಂದು ಸಣ್ಣ ಸಿಲಿಂಡರ್ ಇಟ್ಟುಕೊಳ್ಳಿ. ಕೆಜಿ ಲೆಕ್ಕದಲ್ಲಿ ದುಬಾರಿ, ಆದರೆ ನಿಮ್ಮ ಖರ್ಚಿಗೆ ಹನ್ನೆರಡು ದಿನ ಬರುತ್ತದೆ. ಮೂಲೆಯಲ್ಲಿ ನಿಲ್ಲುತ್ತದೆ.

ಹಾಸನದ ಸೊಸೆ (ನವೆಂಬರ್ 15)

ಇವತ್ತು ತೂಗಿದೆ, 20.7. ಅತ್ತೆಗೆ ಕೆಮ್ಮು, ಎರಡು ವಾರದಿಂದ ಕುಡಿಯಲು, ಹಬೆ ತೆಗೆದುಕೊಳ್ಳಲು ದಿನವಿಡೀ ನೀರು ಕಾಯಿಸುತ್ತಿದ್ದೇವೆ. 14 ದಿನಕ್ಕೆ 5.9 ಕೆಜಿ, ನಾನೇ ಲೆಕ್ಕ ಮಾಡಿದೆ ಮೇಷ್ಟ್ರೇ, ದಿನಕ್ಕೆ 421 ಗ್ರಾಂ. ಉಳಿದದ್ದು 4.8 ಕೆಜಿ, 26ನೇ ತಾರೀಕಿನ ತನಕ ಮಾತ್ರ. ಬುಕಿಂಗ್ 22ರಿಂದ 19ಕ್ಕೆ ಬಂತು.

ಲೆಕ್ಕದ ಮೇಷ್ಟ್ರು

ಭೇಷ್. ನೂರಕ್ಕೆ ನೂರು.

ಹಾಸನದ ಸೊಸೆ (ನವೆಂಬರ್ 22)

19ಕ್ಕೆ ಬುಕ್ ಮಾಡಿದೆ. ಇವತ್ತೇ ಬಂದುಬಿಟ್ಟಿತು, ಮೂರೇ ದಿನಕ್ಕೆ! ಹಳೆಯದನ್ನು ತೂಗಿದರೆ 17.8. ಅಂದರೆ ಇನ್ನೂ 1.9 ಕೆಜಿ ಇದೆ. ಗ್ಯಾಸ್ ತಂದ ಅಣ್ಣನಿಗೆ ಸೋಮವಾರ ಬನ್ನಿ ಅಂದರೆ, ಈ ಕಡೆ ಗಾಡಿ ಬರುವುದು ಇನ್ನು ಬುಧವಾರವೇ ಅಂದರು. ಬೀದಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದಾರೆ. ಏನು ಮಾಡಲಿ, ಬೇಗ ಹೇಳಿ.

ಕುಂದಾಪ್ರದ ಹುಡುಗ

ಕೊಟ್ಟು ಹೊಸದು ತೆಗೆದುಕೊಳ್ಳಿ. ಎರಡು ಕೆಜಿಗೆ ಯಾಕೆ ಜೂಜು?

ಲೆಕ್ಕದ ಮೇಷ್ಟ್ರು

1.9 ಭಾಗಿಸು 0.42, ನಾಲ್ಕೂವರೆ ದಿನ. ಬುಧವಾರ ಮಧ್ಯಾಹ್ನ ದಾಟುತ್ತದೆ. ಕೊಡಬೇಡಿ.

ಗೋಡೌನ್ ಬಸಣ್ಣ

ಮೇಷ್ಟ್ರೇ, ನಿಮ್ಮ ಲೆಕ್ಕ ಸರಿ, ಆದರೆ ಬುಧವಾರ ಗಾಡಿ ಕೆಟ್ಟರೆ? ತಂಗಿ, ಏಜೆನ್ಸಿಗೆ ಫೋನ್ ಮಾಡಿ ಬುಧವಾರದ ಲೋಡಿಗೆ ಹಾಕಿ ಅಂತ ಹೇಳಿಸಿ. ಬರದಿದ್ದರೆ ಯಜಮಾನರು ಖಾಲಿ ತೆಗೆದುಕೊಂಡು ಗೋಡೌನಿಗೇ ಹೋಗಿ ತರಬಹುದು, ತಲುಪಿಸುವ ಖರ್ಚಿನ ಪಾಲು ಬಿಲ್ಲಿನಲ್ಲಿ ಕಡಿಮೆಯಾಗುತ್ತದೆ. ಮೊಬೈಲಿಗೆ ಬಂದ ಕೋಡ್ ಮಾತ್ರ ಈಗ ಹೇಳಬೇಡಿ. ತುಂಬಿದ ಸಿಲಿಂಡರ್ ಮನೆಯೊಳಗೆ ಬಂದ ಮೇಲೆ ಕೊಡಿ. ಕೋಡ್ ಹೇಳಿದರೆ ತಲುಪಿಸಿದ ಲೆಕ್ಕಕ್ಕೆ ಹೋಗಿಬಿಡುತ್ತದೆ.

ಹಾಸನದ ಸೊಸೆ

ಕೋಡ್ ಕೊಟ್ಟಿಲ್ಲ. ಏಜೆನ್ಸಿಗೂ ಹೇಳಿದೆ. ಬುಧವಾರ ಬನ್ನಿ ಅಂತ ಕಳಿಸಿದೆ. ಅತ್ತೆ ನನ್ನ ಮುಖ ನೋಡುತ್ತಿದ್ದಾರೆ.

ಸುಮ್ನೆ ನೋಡೋಕೆ

ಕ್ರಿಕೆಟ್‌ಗಿಂತ ಇದೇ ಚೆನ್ನಾಗಿದೆ.

ತುಮಕೂರು ವಿಜಯಮ್ಮ

ನಾಲ್ಕು ದಿನ ಬೇಳೆ ನೆನೆಸಿ ಬೇಯಿಸು ಮಗಳೇ, ಬೇಗ ಬೇಯುತ್ತದೆ. ಕುಡಿಯುವ ನೀರನ್ನು ಒಂದೇ ಸಲ ಕಾಯಿಸಿ ಫ್ಲಾಸ್ಕಿಗೆ ಹಾಕು.

ಹಾಸನದ ಸೊಸೆ (ನವೆಂಬರ್ 26, ಬೆಳಗ್ಗೆ)

ಇಡ್ಲಿ ಆಯಿತು, ಅತ್ತೆಯ ಕಷಾಯವೂ ಆಯಿತು. ಸ್ಕೇಲ್ 16.2 ತೋರಿಸುತ್ತಿದೆ, ಒಳಗೆ 300 ಗ್ರಾಂ. ಮಧ್ಯಾಹ್ನದ ಸಾರಿಗೆ ಬೇಳೆ ನೆನೆಹಾಕಿದ್ದೇನೆ. ಹನ್ನೊಂದಾಯಿತು, ಗಾಡಿ ಇನ್ನೂ ಬಂದಿಲ್ಲ.

ಬಳ್ಳಾರಿ ಬಿಸಿಲು

ನಾನೂ ತೂಗಿಸಿದೆ. 14.15 ಇತ್ತು. ಗೀಸರಿನದೇ ಕೆಲಸ. ನಿಮ್ಮದು ಏನಾಯಿತು?

ಹಾಸನದ ಸೊಸೆ

ಸಾರಿಗೆ ಒಗ್ಗರಣೆ ಹಾಕುವಾಗ ಗೇಟಿನ ಹತ್ತಿರ ಸಿಲಿಂಡರ್ ಉರುಳಿಸುವ ಸದ್ದು ಕೇಳಿತು. ಖಾಲಿ ಕೊಡುವಾಗ 16.1. ಈಗ ಎರಡನೇ ಸಿಲಿಂಡರಿಗೆ ಜಾಗ ಎಲ್ಲಿ ಅಂತ ಅತ್ತೆಯೇ ಟೇಪು ಹಿಡಿದು ಅಳೆಯುತ್ತಿದ್ದಾರೆ.